ಮೂರು ಕಾಗದ, ಮೂರು ಮಾತು: ಯಾವುದು ಮೇಲು?

ಈ ಸಲದ ಕೊಯ್ಲು ಶುರುವಾಗುವ ಮೊದಲು ನಮ್ಮ ಸಂಘ ಕ್ಯೂರಿಂಗ್ ಕರಾರನ್ನು ಹೊಸದಾಗಿ ಮಾಡಿಕೊಳ್ಳಬೇಕಾಗಿದೆ. ಮೂಟೆಗೆ ಎಷ್ಟು ದರ ಎಂಬ ಬಗ್ಗೆ ಸದಸ್ಯರಲ್ಲಿ ಸಾಕಷ್ಟು ಚರ್ಚೆ ನಡೆದಿದೆ, ನಡೆಯಲೂ ಬೇಕು. ಆದರೆ ದರದಷ್ಟೇ ದುಡ್ಡಿನ ಮಾತಾಗಿರುವ ಇನ್ನೊಂದು ಕಲಮಿನ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಕರಾರಿನ ಕಾಗದಗಳು ಒಂದಕ್ಕೊಂದು ವಿರುದ್ಧವಾಗಿ ಮಾತಾಡಿದಾಗ ಯಾವ ಕಾಗದದ ಮಾತು ನಡೆಯಬೇಕು ಎಂದು ಹೇಳುವ ಕಲಮು ಅದು. ನಮ್ಮ ಹಳೆಯ ಕರಾರಿನಲ್ಲಿ ಅದು ಇರಲಿಲ್ಲ. ಅದರ ಬೆಲೆಯನ್ನು ನಾವು ತೆತ್ತಿದ್ದೇವೆ.

ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಈ ತಲೆನೋವು ಬೆಳೆಗಾರನಿಗೆ ಇರಲಿಲ್ಲ. 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ಣ ಮುಕ್ತ ಮಾರಾಟ ಬಂದ ಮೇಲೆ ಯಾರಿಗೆ ಮಾರಬೇಕು, ಎಲ್ಲಿ ಕ್ಯೂರಿಂಗ್ ಮಾಡಿಸಬೇಕು ಎಂಬುದೆಲ್ಲ ನಮ್ಮದೇ ವ್ಯವಹಾರವಾಯಿತು. ವ್ಯವಹಾರ ನಮ್ಮದಾದ ಮೇಲೆ ಅದರ ಕಾಗದವೂ ನಮ್ಮದೇ ಹೊಣೆ.

ನಮ್ಮ ಕರಾರಿನಲ್ಲಿ ಮೂರು ಬಗೆಯ ಕಾಗದಗಳಿವೆ. ಮೊದಲನೆಯದು ಮೂಲ ಕರಾರು ಪತ್ರ. ಆಡಳಿತ ಮಂಡಳಿ ಠರಾವು ಮಾಡಿ, ಅಧ್ಯಕ್ಷರೂ ಕಾರ್ಯದರ್ಶಿಗಳೂ ರುಜು ಹಾಕಿದ ಪತ್ರ ಇದು. ಎರಡನೆಯದು ಅದಕ್ಕೆ ಲಗತ್ತಿಸಿದ ಅನುಬಂಧಗಳು, ಅಂದರೆ ಷೆಡ್ಯೂಲುಗಳು. ದರ, ಗ್ರೇಡು, ತೇವಾಂಶದ ಮಿತಿ ಮುಂತಾದವು ಅಲ್ಲಿವೆ. ಮೂರನೆಯದು ಒಂದೊಂದು ಲಾಟು ಹೋದಾಗಲೂ ಬರೆಯುವ ಕೆಲಸದ ಆದೇಶ, ಎಲ್ಲರೂ ವರ್ಕ್ ಆರ್ಡರ್ ಎನ್ನುವ ಹಾಳೆ. ಜಗಳ ಹುಟ್ಟುವುದು ಹೆಚ್ಚಾಗಿ ಈ ಮೂರನೆಯ ಹಾಳೆಯಲ್ಲೇ.

ನಮಗಾದದ್ದನ್ನು ಹೇಳುತ್ತೇವೆ, ಕ್ಯೂರಿಂಗ್ ವರ್ಕ್ಸಿನ ಹೆಸರು ಇಲ್ಲಿ ಬೇಡ. ಒಂದು ವರ್ಷ 300 ಮೂಟೆ ರೊಬಸ್ಟಾ ಚೆರ್ರಿ ಕಳಿಸಿದೆವು. ಕೊಳ್ಳುವವರು ತಡ ಮಾಡಿದ್ದರಿಂದ ಮಾಲು ಅವರ ಗೋದಾಮಿನಲ್ಲಿ 50 ದಿನ ಉಳಿಯಿತು. ಮೂಲ ಕರಾರಿನ ಪ್ರಕಾರ ಮೊದಲ 45 ದಿನಕ್ಕೆ ಗೋದಾಮು ಬಾಡಿಗೆ ಇಲ್ಲ, ಆಮೇಲೆ ಮೂಟೆಗೆ ದಿನಕ್ಕೆ 1 ರೂಪಾಯಿ 50 ಪೈಸೆ. ಆ ಲೆಕ್ಕಕ್ಕೆ ನಾವು ಕೊಡಬೇಕಾದದ್ದು 5 ದಿನದ ಬಾಡಿಗೆ, 2,250 ರೂಪಾಯಿ. ಬಂದ ಬಿಲ್ಲು 15,750 ರೂಪಾಯಿ! ವಿಚಾರಿಸಿದಾಗ ಅವರು ವರ್ಕ್ ಆರ್ಡರಿನ ಹಿಂಬದಿಯನ್ನು ತೋರಿಸಿದರು. ಅಲ್ಲಿ ಸಣ್ಣ ಅಕ್ಷರದಲ್ಲಿ ಬಾಡಿಗೆ ಇಲ್ಲದ ಅವಧಿ 15 ದಿನ ಎಂದು ಅಚ್ಚಾಗಿತ್ತು. ಉಳಿದ 35 ದಿನಕ್ಕೆ ಅದೇ ದರದಲ್ಲಿ ಲೆಕ್ಕ ಹಾಕಿದ್ದರು. ಹಾಳೆಯ ಮುಂಬದಿಯಲ್ಲಿ ಮೂಟೆ ಎಣಿಸಿ ಒಪ್ಪಿಸಿ ಬಂದ ನಮ್ಮ ಗುಮಾಸ್ತರ ರುಜು ಇತ್ತು. ಪಾಪ, ಅವರು ಹಾಕಿದ್ದು ಮೂಟೆಯ ಲೆಕ್ಕಕ್ಕೆ ರುಜು, ಷರತ್ತಿಗಲ್ಲ.

ನಮ್ಮ ಕರಾರಿನಲ್ಲಿ "ವರ್ಕ್ ಆರ್ಡರುಗಳು ಈ ಕರಾರಿನ ಭಾಗವೆಂದು ತಿಳಿಯತಕ್ಕದ್ದು" ಎಂಬ ಸಾಲು ಇತ್ತು. ಅದು ನಮಗೆ ರಕ್ಷಣೆ ಎಂದುಕೊಂಡಿದ್ದೆವು. ಅವರ ವಕೀಲರು ಅದನ್ನೇ ಹಿಡಿದರು. ಭಾಗವೆಂದ ಮೇಲೆ ಹಿಂಬದಿಯ ಷರತ್ತೂ ಕರಾರಿನ ಭಾಗವೇ, ಮೂಲ ಪತ್ರಕ್ಕೆ ಸಮಾನವೇ, ಮೇಲಾಗಿ ದಿನಾಂಕದಲ್ಲಿ ಈಚಿನದು ಎಂದರು. ಹಣ ತೀರದೆ ಮೂಟೆ ಬಿಡೆವೆಂದೂ ಹೇಳಿದರು. ಕೊಳ್ಳುವವರ ಗಡುವು ತಲೆಯ ಮೇಲಿತ್ತು. ತಕರಾರಿನಲ್ಲಿದ್ದ 13,500 ರೂಪಾಯಿಯಲ್ಲಿ ಅರ್ಧ, ಅಂದರೆ 6,750 ರೂಪಾಯಿ ಕೊಟ್ಟು ರಾಜಿಯಾದೆವು.

ನ್ಯಾಯಾಲಯಕ್ಕೆ ಹೋಗಬಾರದಿತ್ತೇ ಎಂದು ಕೆಲವರು ಕೇಳಿದರು. ಹೋಗಿದ್ದರೆ ಏನಾಗುತ್ತಿತ್ತು ಎಂಬುದೇ ಖಚಿತವಿರಲಿಲ್ಲ. ಒಂದೇ ದಸ್ತಾವೇಜಿನ ಎರಡು ಕಲಮುಗಳು ಹೊಂದದಿದ್ದರೆ, ಮೊದಲು ಎರಡನ್ನೂ ಹೊಂದಿಸಿ ಓದಲು ನೋಡಬೇಕು, ಆಗದೇ ಹೋದರೆ ಮೊದಲು ಬಂದ ಕಲಮು ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟು ರಾಧಾ ಸುಂದರ ದತ್ತ ಪ್ರಕರಣದಲ್ಲಿ ಹೇಳಿದೆ. 1959ರ ಎ.ಐ.ಆರ್. ಸಂಪುಟದಲ್ಲಿ ಆ ತೀರ್ಪು ಇದೆ. ನಮ್ಮದು ಒಂದು ದಸ್ತಾವೇಜಲ್ಲ, ಬೇರೆ ಬೇರೆ ದಿನ ರುಜುವಾದ ಕಾಗದಗಳು. ಅಲ್ಲಿ ಎದುರು ಪಕ್ಷದವರು 1872ರ ಕರಾರು ಕಾಯ್ದೆಯ 62ನೆಯ ಕಲಮನ್ನು ಎತ್ತಬಹುದು. ಇಬ್ಬರೂ ಒಪ್ಪಿ ಕರಾರನ್ನು ಮಾರ್ಪಡಿಸಿಕೊಂಡರೆ ಹಳೆಯ ಮಾತನ್ನು ನಡೆಸಬೇಕಾಗಿಲ್ಲ ಎನ್ನುತ್ತದೆ ಅದು. ಹಿಂದಿನದು ಮೇಲೆಂದು ನಾವು, ಈಚಿನದು ಮೇಲೆಂದು ಅವರು. ಎರಡೂ ಕಡೆ ಹೇಳಲು ಮಾತಿತ್ತು. ಈ ಅನಿಶ್ಚಯಕ್ಕೇ ನಾವು 6,750 ರೂಪಾಯಿ ತೆತ್ತದ್ದು.

ಹಾಗಾದರೆ "ಏನೇ ಬಂದರೂ ಮೂಲ ಕರಾರೇ ಮೇಲು" ಎಂದು ಒಂದು ಸಾಲು ಬರೆದರಾಯಿತು ಎಂದು ಕೆಲವು ಸದಸ್ಯರ ಅಭಿಪ್ರಾಯ. ಇದನ್ನು ನಾವು ಒಪ್ಪುವುದಿಲ್ಲ. ನಮ್ಮ ಎರಡನೆಯ ಅನುಬಂಧದಲ್ಲಿ, ಸಂಘದ ಒಂದೇ ಗ್ರೇಡಿನ ಲಾಟುಗಳನ್ನು ವರ್ಕ್ಸಿನವರು ಕೂಡಿಸಬಹುದು ಎಂದಿದೆ. ಸಾಧಾರಣ ಮಾಲಿಗೆ ಅದರಿಂದ ತೊಂದರೆಯಿಲ್ಲ. ಆದರೆ ಒಬ್ಬ ಸದಸ್ಯರು ಹಣ್ಣು ಮಾತ್ರ ಆರಿಸಿ ಕೊಯ್ದು, ಜೋಪಾನವಾಗಿ ಒಣಗಿಸಿದ ಪಾರ್ಚ್‌ಮೆಂಟಿಗೆ ಬೇರೆ ಗಿರಾಕಿ ಇದ್ದಾನೆ ಎನ್ನೋಣ. ಆ ಲಾಟಿನ ವರ್ಕ್ ಆರ್ಡರಿನಲ್ಲಿ "ಈ ಲಾಟನ್ನು ಯಾವುದಕ್ಕೂ ಕೂಡಿಸಕೂಡದು" ಎಂದು ನಾವೇ ಬರೆಸುತ್ತೇವೆ. ಮೂಲ ಕರಾರು ಮತ್ತು ಅನುಬಂಧಗಳೇ ಯಾವಾಗಲೂ ಮೇಲಾದರೆ ಆ ಮಾತು ಬಿದ್ದುಹೋಗುತ್ತದೆ. ಒಮ್ಮೆ ರಾಶಿಗೆ ಬಿದ್ದ ಕಾಫಿಯನ್ನು ಯಾವ ಕೋರ್ಟೂ ಬೇರ್ಪಡಿಸಿ ಕೊಡಲಾರದು.

ಆದ್ದರಿಂದ ಕ್ರಮವನ್ನು ವಿಷಯಕ್ಕೆ ತಕ್ಕಂತೆ ಇಡಬೇಕು ಎಂಬುದು ನಮ್ಮ ಅಭಿಪ್ರಾಯ. ಹಣ ಪಾವತಿ, ಗೋದಾಮು ಬಾಡಿಗೆ, ವಿಮೆ, ನಷ್ಟದ ಹೊಣೆ, ವ್ಯಾಜ್ಯ, ಇವು ಎಲ್ಲ ಲಾಟಿಗೂ ಒಂದೇ ಆಗಿರಬೇಕಾದ ಮಾತುಗಳು. ಇವುಗಳಲ್ಲಿ ಮೊದಲು ಮೂಲ ಕರಾರು, ಆಮೇಲೆ ಅನುಬಂಧ, ಕೊನೆಗೆ ವರ್ಕ್ ಆರ್ಡರು. ಮೂಟೆಗಳ ಸಂಖ್ಯೆ, ಲಾಟಿನ ಗುರುತು, ಬೇರೆ ಇಡುವುದು, ಗ್ರೇಡಿಂಗ್ ಸೂಚನೆ, ಮಾಲು ಎತ್ತುವ ದಿನ, ಇವು ಆ ಲಾಟಿಗೆ ಮಾತ್ರ ಸೇರಿದ ಮಾತುಗಳು. ಇವುಗಳಲ್ಲಿ ವರ್ಕ್ ಆರ್ಡರೇ ಮೊದಲು. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಷರತ್ತುಗಳಲ್ಲಿಯೂ ಆಯಾ ಕಾಮಗಾರಿಯ ಪರಿಮಾಣ ಪಟ್ಟಿಯ ವಿವರಣೆ ಮೊದಲು, ವಿಶೇಷ ಷರತ್ತು ಮತ್ತು ನಕ್ಷೆ ಆಮೇಲೆ, ಸಾಮಾನ್ಯ ನಿರ್ದಿಷ್ಟತೆಗಳು ಅವುಗಳ ಕೆಳಗೆ. ಒಂದು ಕೆಲಸಕ್ಕೆಂದೇ ಬರೆದದ್ದು ಎಲ್ಲ ಕೆಲಸಕ್ಕೂ ಬರೆದದ್ದಕ್ಕಿಂತ ಮುಂದೆ ನಿಲ್ಲುತ್ತದೆ ಎಂಬುದು ಅದರ ತಿರುಳು.

ಇನ್ನೊಂದು ತೊಡಕಿದೆ. ಮೂಲ ಕರಾರು ತಾನೇ ಮೇಲು ಎನ್ನುತ್ತದೆ, ವರ್ಕ್ ಆರ್ಡರಿನ ಹಿಂಬದಿ "ಈ ಹಾಳೆಯ ಷರತ್ತುಗಳೇ ಅಂತಿಮ" ಎನ್ನುತ್ತದೆ. ಆಗ ಕಲಮು ಇದ್ದರೂ ಜಗಳ ಮತ್ತೆ ಮೊದಲಿನ ಜಾಗಕ್ಕೇ ಬಂತು. ಇದಕ್ಕೆ ಮದ್ದು ಒಂದೇ. ಮೂಲ ಕರಾರಿನ ಮಾತನ್ನು ಬದಲಿಸಬೇಕಾದರೆ, ಬದಲಾಗುವ ಕಲಮಿನ ಸಂಖ್ಯೆಯನ್ನು ಹೆಸರಿಸಿ ಬರೆದಿರಬೇಕು, ಮತ್ತು ಕರಾರಿಗೆ ರುಜು ಹಾಕುವ ಅಧಿಕಾರವಿದ್ದವರೇ ಅದಕ್ಕೂ ರುಜು ಹಾಕಿರಬೇಕು ಎಂದು ಕಲಮಿನಲ್ಲೇ ಸೇರಿಸುವುದು. ಅಚ್ಚಾದ ಹಿಂಬದಿ ನಮ್ಮ 14ನೆಯ ಕಲಮನ್ನು ಹೆಸರಿಸಿರುವುದಿಲ್ಲ. ಗುಮಾಸ್ತರ ರುಜು ಅಧ್ಯಕ್ಷರ ರುಜುವಾಗುವುದಿಲ್ಲ.

ಕಲಮನ್ನು ಬರೆಸಿಕೊಂಡ ಮೇಲೆ ಅದನ್ನು ಎಲ್ಲದಕ್ಕೂ ಬಳಸಹೋಗುವುದೂ ತಪ್ಪು. ಎರಡು ಕಾಗದ ಬೇರೆ ಬೇರೆ ಹೇಳಿದ ಮಾತ್ರಕ್ಕೆ ವಿರೋಧವೆನಿಸದು. ಅನುಬಂಧದಲ್ಲಿ ತೇವಾಂಶ 11.5ರ ಮೇಲೆ ಇರಕೂಡದು ಎಂದಿದ್ದು, ವರ್ಕ್ ಆರ್ಡರಿನಲ್ಲಿ 11ರ ಮೇಲೆ ಕೂಡದು ಎಂದಿದ್ದರೆ, 11ಕ್ಕೆ ಇಳಿಸಿದವರು ಎರಡನ್ನೂ ಪಾಲಿಸಿದಂತಾಯಿತು. ಅಲ್ಲಿ ಯಾವುದು ಮೇಲೆಂಬ ಪ್ರಶ್ನೆಯೇ ಇಲ್ಲ, ಬಿಗಿಯಾದದ್ದನ್ನು ನಡೆಸಬೇಕು. ಬ್ರಿಟನ್ನಿನ ಸಾಲ್ವೇ ಕೊಲ್ಲಿಯ ರಾಬಿನ್ ರಿಗ್ ಎಂಬಲ್ಲಿ ಸಮುದ್ರದೊಳಗೆ ನಿಲ್ಲಿಸಿದ ಗಾಳಿಯಂತ್ರಗಳ ವ್ಯಾಜ್ಯದಲ್ಲಿ ಇದೇ ಪ್ರಶ್ನೆ ಬಂದಿತ್ತು. ಜೆ101 ಎಂಬ ಮಾನದಂಡದಂತೆ ಅಡಿಪಾಯ ಕಟ್ಟಬೇಕು ಎಂದು ಕರಾರು ಹೇಳಿತ್ತು. ತಾಂತ್ರಿಕ ಭಾಗದ ಒಳಗೆಲ್ಲೋ ಅಡಿಪಾಯದ ವಿನ್ಯಾಸ 20 ವರ್ಷದ ಬಾಳಿಕೆಗೆ ಒದಗಬೇಕು ಎಂದೂ ಇತ್ತು. ಆ ಮಾನದಂಡದ ಒಂದು ಅಂಕಿಯಲ್ಲೇ ಸುಮಾರು 10 ಪಟ್ಟು ತಪ್ಪಿದ್ದುದರಿಂದ ಅಡಿಪಾಯಗಳು ಜಾರತೊಡಗಿದವು. ರಿಪೇರಿಗೆ 2 ಕೋಟಿ 62 ಲಕ್ಷ 50 ಸಾವಿರ ಯೂರೋ ಎಂದು ನಿಗದಿಯಾಯಿತು. ಎರಡು ಷರತ್ತುಗಳಲ್ಲಿ ಒಂದು ಇನ್ನೊಂದಕ್ಕಿಂತ ಬಿಗಿ ಎಂದರೆ ಅವು ಪರಸ್ಪರ ವಿರುದ್ಧವೆಂದು ಸಾಮಾನ್ಯವಾಗಿ ಅರ್ಥವಲ್ಲ, ಬಿಗಿಯಾದದ್ದನ್ನೂ ಪೂರೈಸಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿ, ಹೊಣೆಯನ್ನು ಗುತ್ತಿಗೆದಾರರ ಮೇಲೇ ಹೊರಿಸಿತು.

ಹಾಗೆಯೇ ಮೌನವೂ ವಿರೋಧವಲ್ಲ. ವಿಮೆ ವರ್ಕ್ಸಿನವರ ಹೊಣೆ ಎಂದು ಕರಾರಿನಲ್ಲಿದ್ದು, ವರ್ಕ್ ಆರ್ಡರಿನಲ್ಲಿ ವಿಮೆಯ ಮಾತೇ ಇಲ್ಲದಿದ್ದರೆ ಕರಾರಿನ ಮಾತು ಹಾಗೆಯೇ ನಿಂತಿರುತ್ತದೆ. ಒಂದನ್ನು ಪಾಲಿಸಿದರೆ ಇನ್ನೊಂದನ್ನು ಮುರಿಯಲೇಬೇಕು ಎಂಬ ಸ್ಥಿತಿ ಬಂದಾಗ ಮಾತ್ರ ಈ ಕಲಮಿಗೆ ಕೆಲಸ.

ಇದೆಲ್ಲವನ್ನೂ ಕೂಡಿಸಿ ನಾವು ಸೂಚಿಸುವ ಒಕ್ಕಣೆ ಇದು: "ಈ ಕರಾರು, ಅನುಬಂಧ ಮತ್ತು ವರ್ಕ್ ಆರ್ಡರುಗಳನ್ನು ಸಾಧ್ಯವಾದಷ್ಟೂ ಹೊಂದಿಸಿ ಓದತಕ್ಕದ್ದು. ಹೊಂದಿಸಲಾಗದ ವಿರೋಧ ಬಂದಲ್ಲಿ ಇದೇ ಕ್ರಮದಲ್ಲಿ ಮೊದಲಿನದು ಮೇಲು. ಆದರೆ ಲಾಟಿನ ಗುರುತು, ಸಂಖ್ಯೆ, ಬೇರೆ ಇಡುವಿಕೆ, ಗ್ರೇಡಿಂಗ್ ಸೂಚನೆ ಮತ್ತು ದಿನಾಂಕಗಳಲ್ಲಿ ವರ್ಕ್ ಆರ್ಡರು ಮೇಲು. ಬೇರಾವ ಮಾರ್ಪಾಟೂ ಕಲಮಿನ ಸಂಖ್ಯೆ ಹೆಸರಿಸಿ ಎರಡೂ ಪಕ್ಷದ ಅಧಿಕೃತರು ರುಜು ಹಾಕದೆ ಊರ್ಜಿತವಲ್ಲ. ಬಿಲ್ಲು, ಚಲನ್ ಮತ್ತು ಯಾವುದೇ ಹಾಳೆಯ ಅಚ್ಚಾದ ಷರತ್ತುಗಳು ಈ ಕರಾರಿನ ಭಾಗವಲ್ಲ."

ವಕೀಲರು ಇದನ್ನು ತಿದ್ದಲಿ, ಬೇಡವೆನ್ನುವುದಿಲ್ಲ. ವರ್ಕ್ಸಿನವರು ಕೊನೆಯ ಸಾಲಿಗೆ ತಕರಾರು ಎತ್ತಬಹುದು. ಎತ್ತಿದರೆ ಒಳ್ಳೆಯದೇ; ಹಿಂಬದಿಯ ಯಾವ ಷರತ್ತು ಅವರಿಗೆ ಬೇಕೋ ಅದನ್ನು ಮೇಜಿನ ಮೇಲಿಟ್ಟು ಮಾತಾಡಲಿ. ಅಡಿಕೆ ವಿಭಾಗದವರು ಮದ್ದು ಹೊಡೆಸುವ ಗುತ್ತಿಗೆ ಬರೆಸುವಾಗಲೂ ಇದನ್ನು ನೆನೆಯಬೇಕೆಂದು ಕೋರುತ್ತೇವೆ. ಮಳೆ ಹಿಡಿದ ಮೇಲೆ ಎಷ್ಟು ಸಲ ಸಿಂಪಡಣೆ ಎಂದು ಕಾಗದ ಹುಡುಕುತ್ತ ಕುಳಿತರೆ ಕೊಳೆರೋಗ ಕಾಯುವುದಿಲ್ಲ. ಕ್ಯೂರಿಂಗ್ ಕರಾರಿನ ಕರಡು ಮುಂದಿನ ಸಭೆಗೆ ಬರಲಿದೆ. ದರದ ಪುಟವನ್ನು ಓದಿದ ಮೇಲೆ ಸದಸ್ಯರು ದಯವಿಟ್ಟು ಈ ಕಲಮು ಇದೆಯೇ ಎಂದು ಒಮ್ಮೆ ಹುಡುಕಿ ನೋಡಲಿ. ಇಲ್ಲದಿದ್ದರೆ ಎದ್ದು ನಿಂತು ಕೇಳಲಿ.