ಮುಂದೇನು ಎಂಬ ಪ್ರಶ್ನೆ: ‘ಕೆರೆಗೆ ಹಾರ’ದಲ್ಲಿ ಊಹೆ ಮತ್ತು ಆಧಾರ

ಕಥನವನ್ನು ಕೇಳುವವನು ಅಥವಾ ಓದುವವನು ಪ್ರತಿ ಹೆಜ್ಜೆಯಲ್ಲಿಯೂ ಮುಂದಿನದನ್ನು ಊಹಿಸುತ್ತಲೇ ಇರುತ್ತಾನೆ. ಈ ಊಹೆಯನ್ನು ನಮ್ಮ ಬೋಧನೆಯಲ್ಲಿ ನಾವು ಗಣನೆಗೆ ತೆಗೆದುಕೊಳ್ಳುವುದು ಅಪರೂಪ. ತೆಗೆದುಕೊಂಡಾಗಲೂ ‘ಸರಿಯಾಗಿ ಊಹಿಸಿದನೇ?’ ಎಂದು ಕೇಳುತ್ತೇವೆಯೇ ಹೊರತು ‘ಯಾವ ಆಧಾರದ ಮೇಲೆ ಊಹಿಸಿದನು?’ ಎಂದು ಕೇಳುವುದಿಲ್ಲ. ಊಹೆಯ ಯೋಗ್ಯತೆ ಅದರ ಫಲದಲ್ಲಿಲ್ಲ, ಅದು ಹುಟ್ಟಿದ ಕ್ಷಣದಲ್ಲಿ ಅದಕ್ಕಿದ್ದ ಆಧಾರದಲ್ಲಿದೆ ಎಂಬುದು ಈ ಬರಹದ ನಿಲುವು. ಈ ಮಾತನ್ನು ಪರೀಕ್ಷಿಸಲು ಉತ್ತರ ಕರ್ನಾಟಕದ ಜನಪದ ಕಥನಗೀತೆ ‘ಕೆರೆಗೆ ಹಾರ’ವನ್ನು ಆರಿಸಿಕೊಂಡಿದ್ದೇನೆ. ಮೌಖಿಕ ಪರಂಪರೆಯ ಕೃತಿಯಾದುದರಿಂದ ಪಾಠಾಂತರಗಳಲ್ಲಿ ವಿವರಗಳು ಬೇರೆಯಾಗಬಹುದು. ಇಲ್ಲಿ ಗಮನದಲ್ಲಿರುವುದು ಪಠ್ಯಪುಸ್ತಕಗಳ ಮೂಲಕ ನಮಗೆಲ್ಲ ಪರಿಚಿತವಾದ ರೂಪ.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ. ಕಥೆಯನ್ನು ಇಲ್ಲಿ ನಿಲ್ಲಿಸಿ ‘ಮುಂದೇನು?’ ಎಂದು ಕೇಳಿದರೆ ಬರುವ ಉತ್ತರಗಳು ಕೇಳುಗನ ಲೋಕಜ್ಞಾನವನ್ನು ಅವಲಂಬಿಸಿರುತ್ತವೆ. ವಿಜಾಪುರ ಸೀಮೆಯ ನಿಡೋಣಿಯಂತಹ ಊರಿನ ಕೇಳುಗನಿಗೆ ಮಳೆಯ ಅಭಾವ ಬದುಕಿನ ಅನುಭವ. ಅದೇ ಬಬಲೇಶ್ವರ ಭಾಗದ ಮಮದಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದ ದೊಡ್ಡ ಕೆರೆ ಇಂದಿಗೂ ಇದೆ. ಕೆರೆ ಕಟ್ಟಿಸುವುದು ಅರಸೊತ್ತಿಗೆಯ, ಗೌಡಿಕೆಯ ಮರ್ಯಾದೆಯ ಪ್ರಶ್ನೆ ಎಂಬುದನ್ನು ಆ ನಾಡಿನವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ‘ಗೌಡ ಸುಮ್ಮನೆ ಕೂಡಲಾರ, ಶಾಸ್ತ್ರ ಕೇಳಿಸುತ್ತಾನೆ’ ಎಂಬುದು ಸಾಧಾರ ಊಹೆ. ‘ಕೆರೆಯ ತಳದಲ್ಲಿ ನಿಧಿ ಸಿಗುತ್ತದೆ’ ಎಂಬುದೂ ಜನಪದ ಕಥೆಗಳಲ್ಲಿ ಸಂಭವಿಸಬಹುದಾದದ್ದೇ. ಆದರೆ ಈ ಕಥನದಲ್ಲಿ ಅದಕ್ಕೆ ಯಾವ ಸುಳಿವೂ ಇಲ್ಲವಾದ್ದರಿಂದ ಅದು ಬರಿಯ ಅಂದಾಜು.

ಶೀರ್ಷಿಕೆಯ ‘ಹಾರ’ ಎಂಬ ಶಬ್ದವೂ ಒಂದು ಸುಳಿವು. ಇಲ್ಲಿ ಅದರ ಅರ್ಥ ಬಲಿ. ‘ಹಾರ’ವನ್ನು ಹೂಮಾಲೆಯೆಂದೇ ತಿಳಿದ ವಿದ್ಯಾರ್ಥಿ ಕೆರೆಗೆ ಮಾಲೆ ಅರ್ಪಿಸಿ ಪೂಜಿಸುತ್ತಾರೆಂದು ಊಹಿಸಿದರೆ ಅವನನ್ನು ಹಳಿಯುವಂತಿಲ್ಲ. ಅವನು ತರ್ಕದಲ್ಲಿ ಎಡವಲಿಲ್ಲ, ಪದಾರ್ಥದಲ್ಲಿ ಎಡವಿದನು. ಈ ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ ಅಧ್ಯಾಪಕನ ತಿದ್ದುಪಡಿ ತಪ್ಪಿದ ಜಾಗಕ್ಕೆ ಹೋಗಿ ಬೀಳುತ್ತದೆ. ಸೊಸೆಯನ್ನು ಕೊಡಬೇಕೆಂದು ಜೋಯಿಸರ ಮಾತು ಬಂದಾಗ ಮಾತ್ರ ಆ ಊಹೆ ಬಿದ್ದುಹೋಗುತ್ತದೆ. ಆಮೇಲೂ ಅವನು ಮಾಲೆಯನ್ನೇ ಹಿಡಿದುಕೊಂಡಿದ್ದರೆ ಆಗ ಅದು ನಿರಾಧಾರ. ಹೊಸ ಸುಳಿವು ಬಂದಾಗ ಬಾಗುವುದೇ ಸಾಧಾರ ಊಹೆಯ ಲಕ್ಷಣ.

ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲವಾಗುತ್ತದೆ ಎಂಬ ಲೆಕ್ಕಾಚಾರದಿಂದ ಕಿರಿಯವಳಾದ ಭಾಗೀರಥಿಯ ಹೆಸರು ನಿಲ್ಲುತ್ತದೆ. ಅವಳು ತವರಿಗೆ ಹೋಗುತ್ತಾಳೆ. ಕಣ್ಣೀರಿನ ಕಾರಣವನ್ನು ತಂದೆ ಕೇಳಿದಾಗ ಅತ್ತೆಮಾವ ತನ್ನನ್ನು ಬೇರೆ ಇಡುತ್ತಾರೆಂದು ಹೇಳಿ ನಿಜವನ್ನು ಮರೆಸುತ್ತಾಳೆ. ತಂದೆ ತನ್ನಿಂದಾದುದನ್ನು ಕೊಡುವೆನೆನ್ನುತ್ತಾನೆ. ತವರಿನ ಇತರರ ಮುಂದೆಯೂ ನಿಜ ಹೊರಬರುವುದಿಲ್ಲ. ಕೊನೆಗೆ ಗೆಳತಿಯ ಮುಂದೆ ಮಾತ್ರ ಬಾಯಿ ಬಿಡುತ್ತಾಳೆ.

ಇಲ್ಲಿ ನಿಲ್ಲಿಸಿ ಕೇಳಿದರೆ ‘ಗೆಳತಿ ಅವಳನ್ನು ಉಳಿಸಲು ಯತ್ನಿಸುತ್ತಾಳೆ’ ಎಂಬ ಉತ್ತರ ಬರುವುದು ಸಹಜ. ಈ ಊಹೆ ನಿಜವಾಗುವುದಿಲ್ಲ, ಆದರೂ ಇದು ಅತ್ಯಂತ ಸಾಧಾರವಾದ ಊಹೆ. ತವರಿನವರಿಂದ ಮುಚ್ಚಿಟ್ಟ ನಿಜವನ್ನು ಒಬ್ಬಳಿಗೆ ಮಾತ್ರ ಹೇಳುವಂತೆ ಕಥನವೇ ಏರ್ಪಾಡು ಮಾಡಿದೆ. ಹಾಗೆ ಮಾಡಿದ ಮೇಲೆ ಆ ಒಬ್ಬಳಿಂದ ನಾವು ಏನನ್ನಾದರೂ ನಿರೀಕ್ಷಿಸಲೇಬೇಕು. ಗೆಳತಿಯಾದರೋ ಕೊಟ್ಟವರು ಇಟ್ಟಂತೆ ಇರಬೇಕೆಂಬ ಅರ್ಥದ ಮಾತಾಡಿ ಕಳುಹಿಸುತ್ತಾಳೆ. ಆ ಮಾತಿನ ಕ್ರೌರ್ಯ, ಅದರ ಹಿಂದಿನ ಅಸಹಾಯಕತೆ ಎರಡೂ ನಮ್ಮನ್ನು ತಾಕುವುದು ನಾವು ಬೇರೆಯದನ್ನು ನಿರೀಕ್ಷಿಸಿದ್ದರಿಂದಲೇ. ನಿರೀಕ್ಷಿಸದೆ ಓದಿದವನಿಗೆ ಅದು ಮತ್ತೊಂದು ಸಾಲು ಅಷ್ಟೆ. ಹೆಣ್ಣಿಗೆ ಇನ್ನೊಂದು ಹೆಣ್ಣಿನಿಂದಲೂ ಬಿಡುಗಡೆ ಸಿಗದ ವ್ಯವಸ್ಥೆಯನ್ನು ಕಥನವು ವಿವರಣೆಯಿಂದ ಹೇಳುವುದಿಲ್ಲ, ನಮ್ಮ ಊಹೆಯನ್ನು ಮುರಿದು ತೋರಿಸುತ್ತದೆ. ಆದ್ದರಿಂದ ಇಲ್ಲಿ ‘ತಪ್ಪಾಗಿ’ ಊಹಿಸಿದ ವಿದ್ಯಾರ್ಥಿಯೇ ಕೃತಿಯನ್ನು ಸರಿಯಾಗಿ ಓದುತ್ತಿದ್ದಾನೆ.

ಇದಕ್ಕೆ ಪ್ರತಿಯಾಗಿ ‘ಗಂಡ ಬಂದು ಬಿಡಿಸುತ್ತಾನೆ’ ಎಂದು ಇದೇ ಹಂತದಲ್ಲಿ ಒಬ್ಬನು ಹೇಳಿದರೆ ಆಧಾರ ಕೇಳಬೇಕಾಗುತ್ತದೆ. ಗಂಡನ ಪ್ರಸ್ತಾಪವೇ ಇನ್ನೂ ಮುನ್ನೆಲೆಗೆ ಬಂದಿಲ್ಲ. ಈ ಊಹೆ ಬಂದುದು ಚಲನಚಿತ್ರದಿಂದ, ಕಥನದಿಂದಲ್ಲ. ಮುಂದೆ ಗಂಡ ಮಾದೇವರಾಯ ಬರುವುದು ನಿಜ, ಆದರೆ ಬರುವುದು ಎಲ್ಲ ಮುಗಿದ ಮೇಲೆ. ‘ಗಂಡ ಬರುತ್ತಾನೆ’ ಎಂಬ ಅರ್ಧಭಾಗ ಫಲಿಸಿತೆಂದು ಅಂಕ ಕೊಟ್ಟರೆ ನಾವು ಅದೃಷ್ಟಕ್ಕೆ ಅಂಕ ಕೊಟ್ಟಂತಾಗುತ್ತದೆ. ದಂಡಿನಲ್ಲಿದ್ದ ಅವನು ಅಶುಭ ಕನಸು ಕಂಡನೆಂದು ಕೇಳಿದ ಮೇಲೆ ‘ಇವನು ಊರಿಗೆ ಹೊರಡುತ್ತಾನೆ’ ಎಂದರೆ ಅದೇ ಮಾತು ಸಾಧಾರವಾಗುತ್ತದೆ. ಒಂದೇ ವಾಕ್ಯ ಒಂದು ಹಂತದಲ್ಲಿ ಬರಿಯ ಅಂದಾಜು, ಇನ್ನೊಂದು ಹಂತದಲ್ಲಿ ವಿವೇಕದ ಊಹೆ.

ಬಂಗಾರದ ಬಟ್ಟಲಿನ ಪ್ರಸಂಗ ಇನ್ನೂ ಸೂಕ್ಷ್ಮವಾದುದು. ಪೂಜೆ ಮುಗಿಸಿ ಮನೆಯವರು ಮರಳುವಾಗ ಬಟ್ಟಲು ಕೆರೆಯಲ್ಲಿ ಉಳಿದಿರುತ್ತದೆ. ತರಲು ಉಳಿದವರು ಒಲ್ಲೆನ್ನುತ್ತಾರೆ, ಭಾಗೀರಥಿ ಹೋಗುತ್ತಾಳೆ. ಅವಳು ಮೆಟ್ಟಿಲೇರಿದಂತೆ ನೀರು ಮೇಲೇರುತ್ತದೆ. ಅಂತ್ಯ ತಿಳಿದವರು ‘ಬಟ್ಟಲನ್ನು ಬೇಕೆಂದೇ ಬಿಟ್ಟರು’ ಎಂದು ಖಚಿತವಾಗಿ ಹೇಳುವುದುಂಟು. ಬೇಕೆಂದೇ ಬಿಟ್ಟರೆಂಬುದಕ್ಕೆ ಇತರರ ನಿರಾಕರಣೆ ಬೆಂಬಲವಾಗಬಹುದು, ಆದರೆ ಸಾಕ್ಷಿಯಾಗಲಾರದು. ‘ಅವಳೇ ಹೋಗುತ್ತಾಳೆ, ಅಲ್ಲಿಯೇ ಬಲಿ ನಡೆಯುತ್ತದೆ’ ಎಂಬ ಊಹೆಗೆ ಜೋಯಿಸರ ಮಾತಿನಿಂದ ಇಲ್ಲಿಯವರೆಗಿನ ಎಲ್ಲ ಸುಳಿವುಗಳೂ ಸೇರುತ್ತವೆ. ಮರೆವೋ ಸಂಚೋ ಎಂಬುದಕ್ಕೆ ಅಷ್ಟು ಸೇರುವುದಿಲ್ಲ. ಮುಗಿದ ಕಥೆಯಿಂದ ಹಿಂತಿರುಗಿ ನೋಡಿದಾಗ ಎಲ್ಲವೂ ಸುಳಿವಿನಂತೆ ಕಾಣುವುದೇ ವಿಮರ್ಶಕನಿಗಿರುವ ದೊಡ್ಡ ಅಪಾಯ.

ಇಷ್ಟಕ್ಕೂ ಜನಪದ ಕೇಳುಗನಿಗೆ ಅಂತ್ಯ ಮೊದಲೇ ತಿಳಿದಿರುತ್ತದೆಯಲ್ಲ, ಊಹೆಗೆ ಎಡೆಯೆಲ್ಲಿ ಎಂದು ಕೇಳಬಹುದು. ಈ ಆಕ್ಷೇಪ ನ್ಯಾಯವಾದುದೇ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳೂ ಕಥಾಸಾರ ಸೂಚಿಸುವ ಪ್ರಾಕೃತ ಗಾಹೆಯಿಂದಲೇ ತೊಡಗುತ್ತವೆ. ಇಂಥಲ್ಲಿ ‘ಏನಾಗುತ್ತದೆ’ ಎಂಬ ಪ್ರಶ್ನೆ ‘ಹೇಗಾಗುತ್ತದೆ, ಯಾರ ಮೂಲಕ ಆಗುತ್ತದೆ’ ಎಂದು ರೂಪ ಬದಲಿಸುತ್ತದೆ. ಬಲಿ ಖಚಿತವೆಂದು ಬಲ್ಲ ಕೇಳುಗನೂ ಗೆಳತಿಯ ಬಾಯಿಂದ ಏನು ಬಂದೀತೆಂದು ಕಾಯುತ್ತಾನೆ. ಊಹೆ ಅಳಿಯುವುದಿಲ್ಲ, ಸ್ಥಳಾಂತರವಾಗುತ್ತದೆ.

ತರಗತಿಯಲ್ಲಿ ಇದನ್ನು ಆಚರಣೆಗೆ ತರುವುದು ಕಷ್ಟವೇನಲ್ಲ. ಪರಿಚಯವಿಲ್ಲದ ಕಥನವನ್ನು ಎರಡು ಮೂರು ಕಡೆ ನಿಲ್ಲಿಸಿ, ಊಹೆಯ ಜೊತೆಗೆ ಅದಕ್ಕೆ ಕಾರಣವಾದ ಪದ ಅಥವಾ ಘಟನೆಯನ್ನೂ, ಯಾವುದು ನಡೆದರೆ ಆ ಊಹೆಯನ್ನು ಕೈಬಿಡುವೆ ಎಂಬುದನ್ನೂ ಬರೆಸಬೇಕು. ಕಾರಣ ಹೇಳಲಾಗದ್ದು, ಯಾವ ಘಟನೆಯಿಂದಲೂ ಬೀಳದಷ್ಟು ಸಡಿಲವಾದದ್ದು ಬರಿಯ ಅಂದಾಜು. ‘ಏನೋ ಕೆಟ್ಟದ್ದು ಆಗುತ್ತದೆ’ ಎಂಬ ಮಾತು ಎಂದೂ ಸೋಲುವುದಿಲ್ಲ, ಆದ್ದರಿಂದಲೇ ಅದು ಏನನ್ನೂ ಹೇಳುವುದಿಲ್ಲ. ಉತ್ತರಪತ್ರಿಕೆಯಲ್ಲಿ ಅಂಕ ಸಲ್ಲಬೇಕಾದುದು ಆ ಕಾರಣಕ್ಕೆ. ಗೆಳತಿ ನೆರವಾದಾಳೆಂದು ಕಾರಣ ಸಹಿತ ನಂಬಿ ನಿರಾಶನಾದ ವಿದ್ಯಾರ್ಥಿಗೆ ಪೂರ್ಣ ಅಂಕ ಸಲ್ಲಬೇಕು. ಗೈಡಿನಿಂದ ಅಂತ್ಯ ಕಲಿತು ಬಂದವನಿಗೆ ಅದು ಸಲ್ಲಬಾರದು.