ಹಬ್ಬ ಓಡಾಡಲ್ಲ ಸ್ವಾಮಿ

ಮಾರ್ಚ್ ತಿಂಗಳು ಬಂತೆಂದರೆ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಗೊಣಗಾಟ ಗ್ಯಾರಂಟಿ. "ಕ್ರಿಸ್‌ಮಸ್ ನೋಡಿ, ಡಿಸೆಂಬರ್ 25 ಅಂದ್ರೆ 25. ನಮ್ಮ ಯುಗಾದಿ ಮಾತ್ರ ಒಂದ್ಸಲ ಮಾರ್ಚು, ಒಂದ್ಸಲ ಏಪ್ರಿಲ್ಲು. ಒಂದು ಡೇಟ್ ಫಿಕ್ಸ್ ಮಾಡೋಕೆ ಏನ್ ಕಷ್ಟ?" ಹೀಗೆ ಕೇಳುವವರು ಅದೇ ಕ್ರೈಸ್ತರ ಈಸ್ಟರ್ ಕೂಡ ಹುಣ್ಣಿಮೆಯ ಲೆಕ್ಕ ಹಿಡಿದು ವರ್ಷವರ್ಷ ಜಾಗ ಬದಲಿಸುತ್ತೆ ಅನ್ನೋದನ್ನ ಮರೆತಿರುತ್ತಾರೆ. ಗುಡ್ ಫ್ರೈಡೇ ರಜೆ ಮಾತ್ರ ಮರೆತಿರಲ್ಲ.

ಇನ್ನೊಂದು ಗುಂಪು ವಾಟ್ಸಾಪಿನಲ್ಲಿದೆ. ಅವರದ್ದು ಗೊಣಗಾಟವಲ್ಲ, ಹೆಮ್ಮೆ. ನಮ್ಮ ಪಂಚಾಂಗ ಪಕ್ಕಾ ವೈಜ್ಞಾನಿಕ, ಆ ರಂಜಾನ್ ಮಾತ್ರ ದಿಕ್ಕುದೆಸೆ ಇಲ್ಲದೆ ವರ್ಷವಿಡೀ ಅಲೆಯುತ್ತೆ ಅಂತ ಫಾರ್ವರ್ಡ್ ಬರುತ್ತೆ, ಕೆಳಗೆ ನಗುವ ಮುಖ. 2025ರಲ್ಲಿ ಮಾರ್ಚ್ 30ರ ಭಾನುವಾರ ಯುಗಾದಿ, 31ರ ಸೋಮವಾರ ರಂಜಾನ್ ಹಬ್ಬ ಬಂದಿದ್ದರಿಂದ ಎರಡೂ ಗುಂಪು ಒಟ್ಟಿಗೇ ಮಾತಾಡಿದವು. ಇಬ್ಬರದ್ದೂ ತಪ್ಪು. ಇಬ್ಬರೂ ತಲೆ ಎತ್ತಿ ಆಕಾಶ ನೋಡಿದವರಲ್ಲ.

ಮೊದಲು ಲೆಕ್ಕ ನೋಡೋಣ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಇಂಥ ಹನ್ನೆರಡು ತಿಂಗಳು ಸೇರಿದರೆ 354 ದಿನ. ಗೋಡೆ ಮೇಲಿನ ಕ್ಯಾಲೆಂಡರಿನ ವರ್ಷ 365. ಅಂದರೆ ಹನ್ನೊಂದು ದಿನ ಕಡಿಮೆ. ಹಾಗಾಗಿ ಚಂದ್ರನನ್ನು ನಂಬಿದ ಹಬ್ಬ ಪ್ರತಿ ವರ್ಷ ಹನ್ನೊಂದು ದಿನ ಮುಂಚೆ ಬರಲೇಬೇಕು. ಬರುತ್ತೆ ಕೂಡ. ಯುಗಾದಿ 2021ರಲ್ಲಿ ಏಪ್ರಿಲ್ 13, 2022ರಲ್ಲಿ ಏಪ್ರಿಲ್ 2, 2023ರಲ್ಲಿ ಮಾರ್ಚ್ 22. ಬೆಂಗಳೂರಿನಲ್ಲಿ ರಂಜಾನ್ ಹಬ್ಬ 2021ರಲ್ಲಿ ಮೇ 14, 2022ರಲ್ಲಿ ಮೇ 3, 2023ರಲ್ಲಿ ಏಪ್ರಿಲ್ 22. ಎರಡೂ ಹನ್ನೊಂದು ದಿನದ ಅದೇ ಹೆಜ್ಜೆ ಇಟ್ಟು, ಒಂದರ ಹಿಂದೆ ಒಂದು ಸುಮಾರು ಒಂದು ತಿಂಗಳ ಅಂತರದಲ್ಲಿ ನಡೆದು ಬಂದವು. ಇದರಲ್ಲಿ ಅಲೆಯೋದು ಯಾವುದು, ನೆಟ್ಟಗೆ ನಿಂತಿರೋದು ಯಾವುದು, ಹೇಳಿ ನೋಡೋಣ.

ಆಮೇಲೆ 2024 ಬಂತು. ರಂಜಾನ್ ಎಂದಿನಂತೆ ಹನ್ನೊಂದು ದಿನ ಹಿಂದೆ ಸರಿದು ಏಪ್ರಿಲ್ 11ಕ್ಕೆ ಬಂತು. ಯುಗಾದಿ ಮಾತ್ರ ಮಾರ್ಚ್ 11ರ ಹತ್ತಿರ ಬರಬೇಕಾದದ್ದು, ಉಲ್ಟಾ ಹೊಡೆದು ಏಪ್ರಿಲ್ 9ಕ್ಕೆ ಹಾರಿತು. ತಿಂಗಳ ಅಂತರದಲ್ಲಿದ್ದ ಹಬ್ಬಗಳು ಎರಡೇ ದಿನದ ಅಂತರಕ್ಕೆ ಬಂದವು. ನಡುವೆ ಆದದ್ದು ಇಷ್ಟೆ: 2023ರಲ್ಲಿ ನಮಗೆ ಎರಡು ಶ್ರಾವಣ ಬಂದವು.

ಅಧಿಕ ಮಾಸ ಅಂದರೆ ಯಾರೋ ಪುರೋಹಿತರು ಕೂತು ಮನಸ್ಸಿಗೆ ಬಂದಾಗ ಸೇರಿಸುವ ತಿಂಗಳು ಅಂತ ಅನೇಕರು ತಿಳಿದಿದ್ದಾರೆ. ಅದಕ್ಕೊಂದು ನಿಯಮ ಇದೆ, ಬಹಳ ಚೊಕ್ಕ ನಿಯಮ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು ಸಂಕ್ರಾಂತಿ. ಮಕರ ಸಂಕ್ರಾಂತಿ ಒಂದೇ ಅಲ್ಲ, ವರ್ಷಕ್ಕೆ ಇಂಥವು ಹನ್ನೆರಡು ಇವೆ. ಒಂದು ರಾಶಿ ದಾಟಲು ಸೂರ್ಯನಿಗೆ ಸರಾಸರಿ ಮೂವತ್ತು ದಿನಕ್ಕಿಂತ ಸ್ವಲ್ಪ ಹೆಚ್ಚು ಬೇಕು, ಚಂದ್ರನ ತಿಂಗಳು ಅದಕ್ಕಿಂತ ಚಿಕ್ಕದು. ಸಾಮಾನ್ಯವಾಗಿ ಅಮಾವಾಸ್ಯೆಯಿಂದ ಅಮಾವಾಸ್ಯೆಯ ನಡುವೆ ಒಂದು ಸಂಕ್ರಾಂತಿ ಸಿಗುತ್ತೆ, ತಿಂಗಳಿಗೆ ಅದರಿಂದಲೇ ಹೆಸರು. ಎರಡೂವರೆ ವರ್ಷ ದಾಟಿದ ಮೇಲೆ ಯಾವುದೋ ಒಂದು ತಿಂಗಳು ಎರಡು ಸಂಕ್ರಾಂತಿಗಳ ಮಧ್ಯೆ ಪೂರ್ತಿ ಅಡಗಿ ಕೂತುಬಿಡುತ್ತೆ. ಸಂಕ್ರಾಂತಿ ಸಿಗದ ಆ ತಿಂಗಳು ಅಧಿಕ.

2023ರಲ್ಲಿ ಆದದ್ದು ಇದೇ. ಸೂರ್ಯ ಕರ್ಕ ರಾಶಿಗೆ ಬಂದದ್ದು ಜುಲೈ 17ರ ನಸುಕಿನಲ್ಲಿ. ಅವತ್ತೇ ಭೀಮನ ಅಮಾವಾಸ್ಯೆ. ಅಂದರೆ ಹೊಸ ತಿಂಗಳು ಶುರುವಾಗುವ ಮೊದಲೇ ಸಂಕ್ರಾಂತಿ ಮುಗಿದುಹೋಗಿತ್ತು. ಮುಂದಿನ ಅಮಾವಾಸ್ಯೆ ಆಗಸ್ಟ್ 16ಕ್ಕೆ, ಸೂರ್ಯ ಸಿಂಹ ರಾಶಿಗೆ ಕಾಲಿಟ್ಟದ್ದು ಆಗಸ್ಟ್ 17ಕ್ಕೆ. ತಿಂಗಳು ಮುಗಿದು ಒಂದು ದಿನ ತಡ! ಮಧ್ಯದ ಅಷ್ಟೂ ದಿನ ಸೂರ್ಯ ಕರ್ಕದಲ್ಲೇ ಇದ್ದ. ಹಾಗಾಗಿ ಅದು ಅಧಿಕ ಶ್ರಾವಣ, ಆಮೇಲಿನದ್ದು ನಿಜ ಶ್ರಾವಣ. ಗಣೇಶ ಆಗಸ್ಟ್ 20ರ ಬದಲು ಸೆಪ್ಟೆಂಬರ್ 18ಕ್ಕೆ ಬಂದ, ದೀಪಾವಳಿ ನವೆಂಬರಿಗೆ ಹೋಯಿತು, ಮುಂದಿನ ಯುಗಾದಿ ಏಪ್ರಿಲ್ಲಿಗೆ.

ಈ ತೇಪೆ ಹಾಕದಿದ್ದರೆ ಹದಿನಾರು ಹದಿನೇಳು ವರ್ಷದಲ್ಲಿ ಯುಗಾದಿ ದಸರಾ ರಜೆಯ ಹೊತ್ತಿಗೆ ಬರುತ್ತಿತ್ತು. ಚೈತ್ರದ ಚಿಗುರು ಅಂತ ಹೇಳಿಕೊಂಡು ಅಕ್ಟೋಬರಿನ ಮಳೆಯಲ್ಲಿ ಬೇವಿನ ಹೂ ಹುಡುಕಬೇಕಿತ್ತು. ನಮ್ಮ ಹಬ್ಬಗಳು ಬೆಳೆಗೆ, ಋತುವಿಗೆ ಅಂಟಿಕೊಂಡವು. ಅದಕ್ಕೇ ನಮ್ಮವರು ಸೂರ್ಯನ ಜೊತೆ ರಾಜಿ ಮಾಡಿಕೊಂಡರು.

ಇಸ್ಲಾಮಿನ ಪಂಚಾಂಗ ರಾಜಿ ಮಾಡಿಕೊಳ್ಳಲಿಲ್ಲ. ಅದು ಅವರಿಗೆ ಲೆಕ್ಕ ಬರದೆ ಆದದ್ದಲ್ಲ. ತಿಂಗಳು ಸೇರಿಸಿ ಹಿಂದೆ ಮುಂದೆ ಮಾಡುವುದನ್ನು ಕುರಾನಿನಲ್ಲೇ ನಿಷೇಧಿಸಿದೆ. ಅದರ ಪರಿಣಾಮವಾಗಿ ರಂಜಾನ್ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತೆ. ಲಂಡನ್ನಿನಲ್ಲಿ ಜೂನ್ ಹಗಲು 16 ಗಂಟೆಗೂ ಹೆಚ್ಚು, ಡಿಸೆಂಬರ್ ಹಗಲು 8 ಗಂಟೆಯ ಆಸುಪಾಸು. ಉಪವಾಸ ಸದಾ ಜೂನಿನಲ್ಲೇ ಇದ್ದಿದ್ದರೆ ಅಲ್ಲಿನವರ ಪಾಡು ಯೋಚನೆ ಮಾಡಿ. ಸುತ್ತುವುದರಿಂದ ಕಷ್ಟದ ವರ್ಷವೂ ಸುಲಭದ ವರ್ಷವೂ ಎಲ್ಲರ ಪಾಲಿಗೆ ಬರುತ್ತೆ. ಒಂದೇ ಇನ್‌ಪುಟ್, ಎರಡು ಬೇರೆ ಬೇರೆ ರಿಕ್ವೈರ್‌ಮೆಂಟ್. ಇದನ್ನು ಬಗ್ ಅಂತ ಕರೆಯುವ ಎಂಜಿನಿಯರನ್ನು ನಾನಂತೂ ನನ್ನ ಟೀಮಿಗೆ ಸೇರಿಸಿಕೊಳ್ಳಲ್ಲ.

ಇನ್ನು ಫಿಕ್ಸ್ ಮಾಡಿ ಅನ್ನುವವರ ವಿಷಯ. ಸೂರ್ಯನ ಲೆಕ್ಕದ ಹೊಸ ವರ್ಷ ಬೇಕಿದ್ದರೆ ತುಳುನಾಡಿನಲ್ಲಿ ಬಿಸು ಪರ್ಬ ಇದೆ, ತಮಿಳರ ಪುತ್ತಾಂಡು ಇದೆ, ಏಪ್ರಿಲ್ 14ರ ಸುಮಾರಿಗೇ ಬರುತ್ತವೆ. ಧಾರಾಳವಾಗಿ ಆಚರಿಸಿ. ಆದರೆ ಯುಗಾದಿಯನ್ನೇ "ಏಪ್ರಿಲ್ ಮೊದಲ ಭಾನುವಾರ" ಅಂತ ಹಾರ್ಡ್‌ಕೋಡ್ ಮಾಡಿದರೆ ಏನಾಗುತ್ತೆ ನೋಡಿ. 2023ರಲ್ಲಿ ಅದು ಏಪ್ರಿಲ್ 2. ಅವತ್ತು ಹುಣ್ಣಿಮೆಗೆ ನಾಲ್ಕೇ ದಿನ ಬಾಕಿ. ನಮ್ಮೂರಲ್ಲಿ ಯುಗಾದಿ ಅಂದರೆ ಹೋಳಿಗೆ ತಿಂದು ಮುಗಿಸುವುದಲ್ಲ. ಸಂಜೆ ಊರೆಲ್ಲ ಬಯಲಿಗೆ ಬಂದು ಪಡುವಣ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತೆ, ಕೂದಲೆಳೆಯಂಥ ಚಂದ್ರ ಕಂಡವರು "ಅಗೋ ಅಲ್ಲಿ" ಅಂತ ಕೂಗುತ್ತಾರೆ, ಚಿಕ್ಕವರು ದೊಡ್ಡವರ ಕಾಲಿಗೆ ಬೀಳುತ್ತಾರೆ. ಮುಕ್ಕಾಲು ತುಂಬಿದ ಚಂದ್ರನನ್ನು ಮಧ್ಯಾಹ್ನದಿಂದಲೇ ತಲೆ ಮೇಲೆ ಇಟ್ಟುಕೊಂಡು ಯಾರು ಹುಡುಕಬೇಕು, ಏನನ್ನ ಹುಡುಕಬೇಕು?

2025ರಲ್ಲಿ ಅಮಾವಾಸ್ಯೆ ಮುಗಿದದ್ದು ಮಾರ್ಚ್ 29ರ ಸಂಜೆ ನಾಲ್ಕೂವರೆಗೆ. ಮರುದಿನ ಬೆಳಗ್ಗೆ ಪಾಡ್ಯ ಇದ್ದದ್ದರಿಂದ ಅಂದು ಯುಗಾದಿ. ಅದೇ ದಿನ ಸಂಜೆ ಎಳೆ ಚಂದ್ರ ಕಂಡದ್ದರಿಂದ ಸೋಮವಾರ ರಂಜಾನ್ ಹಬ್ಬ. ಯುಗಾದಿಯ ಚಂದ್ರ ನೋಡಲು ನಮ್ಮವರು ನಿಂತಾಗ, ಪಕ್ಕದ ಬೀದಿಯವರು ಮಾಳಿಗೆ ಹತ್ತಿ ನೋಡುತ್ತಿದ್ದದ್ದೂ ಅದೇ ಚಂದ್ರನನ್ನೇ. (ಸೋಮವಾರ ಬಾಡು ಮಾಡಬಾರದು ಅಂತ ಹೊಸತೊಡಕನ್ನು ಮಂಗಳವಾರಕ್ಕೆ ತಳ್ಳಿದ ಮನೆಗಳೂ ಇದ್ದವು. ಅದು ಚಂದ್ರನ ಲೆಕ್ಕ ಅಲ್ಲ, ನಮ್ಮ ಲೆಕ್ಕ.)

2026ರಲ್ಲೂ ಎರಡೂ ಅಕ್ಕಪಕ್ಕವೇ: ಯುಗಾದಿ ಮಾರ್ಚ್ 19, ರಂಜಾನ್ ಅದರ ಒಂದೆರಡು ದಿನದ ಮೇಲೆ. ಆಮೇಲೆ ಮೇ-ಜೂನಿನಲ್ಲಿ ಅಧಿಕ ಜ್ಯೇಷ್ಠ ಬರುತ್ತೆ. 2027ಕ್ಕೆ ಯುಗಾದಿ ಏಪ್ರಿಲ್ 7ಕ್ಕೆ ಹಾರಿರುತ್ತೆ, ರಂಜಾನ್ ಹಬ್ಬ ಮಾರ್ಚ್ 10ರ ಸುಮಾರಿಗೆ ಮುಗಿದಿರುತ್ತೆ. ರಜೆ ಪಟ್ಟಿ ಮಾಡುವವರು ಯುಗಾದಿಯನ್ನು ಈಗಲೇ ಪೆನ್ನಿನಲ್ಲಿ ಬರೆದುಕೊಳ್ಳಬಹುದು. ರಂಜಾನ್ ಹಬ್ಬವನ್ನು ಪೆನ್ಸಿಲ್ಲಿನಲ್ಲಿ ಬರೆದಿಡಿ, ಹಿಂದಿನ ಸಂಜೆ ಚಂದ್ರ ಕಂಡಮೇಲೆ ತಿದ್ದಿಕೊಳ್ಳಿ.