ಸೌಟಿನ ಪಟ್ಟಿ ಗೋಡೆ ಬಿಡದಿರಲು

ಮೊನ್ನೆ ನಮ್ಮ ತುಮಕೂರಿನ ಮನೆಯಲ್ಲಿ ಸಾರಿಗೆ ಒಗ್ಗರಣೆ ಇಡುತ್ತಿದ್ದೆ. ಜಾಲರಿ ಬೇಕೆಂದು ಮಗಳು ಕೈ ಹಾಕಿ ಎಳೆದಳು ನೋಡಿ, ಕೊಕ್ಕೆಪಟ್ಟಿಯೇ ಕಿತ್ತು ಬಂದು ಬಾಣಲೆಯ ಮೇಲೆ ಬಿತ್ತು. ಎಣ್ಣೆ ಸಿಡಿದು ಅವಳ ಮುಂಗೈ ಮೇಲೆ ಎರಡು ಬೊಬ್ಬೆ. ಸದ್ಯ, ಕಣ್ಣಿಗೆ ಸಿಡಿಯಲಿಲ್ಲ!

"ಭಾರ ಜಾಸ್ತಿ ಹಾಕಿದ್ದೀಯ" ಅಂದರು ನಮ್ಮ ಮನೆಯವರು. ನಾನು ಬಿಡಲಿಲ್ಲ. ನಾಲ್ಕು ಸೌಟು, ಜಾಲರಿ, ಇಕ್ಕಳ, ಮೊಗಚೋ ಕೈ ಎಲ್ಲವನ್ನೂ ತೂಗಿದೆ. ಪಟ್ಟಿಯೂ ಸೇರಿ 2 ಕಿಲೋ ಆಗಲಿಲ್ಲ! ತಪ್ಪು ಭಾರದ್ದಲ್ಲ, ಮೊಳೆಯದು. ಅವರು ಹೊಡೆದಿದ್ದು 1 ಅಂಗುಲದ ಮೊಳೆ. ಅದರಲ್ಲಿ ಅರ್ಧ ಅಂಗುಲ ಪಟ್ಟಿಯ ಮರಕ್ಕೇ ಹೋಯಿತು. ಉಳಿದ ಅರ್ಧ ಅಂಗುಲ ಹಿಡಿದಿದ್ದು ಬರೀ ಗಾರೆಯನ್ನು. ಒಳಗೋಡೆಯ ಗಾರೆಯ ದಪ್ಪವೇ ಸುಮಾರು ಅರ್ಧ ಅಂಗುಲ, ಇಟ್ಟಿಗೆ ಇರುವುದು ಅದರಾಚೆ. ದಿನಕ್ಕೆ ಹತ್ತು ಸಲ ಸೌಟು ಎಳೆದಾಗಲೆಲ್ಲ ಗಾರೆ ಪುಡಿಯಾಗುತ್ತಾ ಬಂದಿತ್ತು.

ಈ ಸಲ ಮೇಸ್ತ್ರಿಯನ್ನು ಕರೆಸಿ, ನಾನೇ ಪಕ್ಕದಲ್ಲಿ ನಿಂತೆ. ಮೊದಲು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡಿದರು. ಡಬಡಬ ಎಂದರೆ ಗಾರೆ ಇಟ್ಟಿಗೆ ಬಿಟ್ಟಿದೆ ಅಂತ ಅರ್ಥ, ಆ ಜಾಗ ಬೇಡ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೂ ಬೇಡ, ಗೋಡೆಯೊಳಗೆ ತಂತಿ ಹೋಗಿರುತ್ತದೆ. ಒಲೆಯ ನೇರಕ್ಕಂತೂ ಬೇಡವೇ ಬೇಡ ಎಂದು ನಾನೇ ಹೇಳಿದೆ. ಆಮೇಲೆ 8 ಮಿಲಿಮೀಟರ್ ಬಿಟ್ಟಿನಿಂದ 2 ಅಂಗುಲ ಆಳ ಕೊರೆದರು. ಮೊದಲು ಬೂದು ಪುಡಿ ಉದುರಿತು, ಅದು ಗಾರೆ. ಆಮೇಲೆ ಕೆಂಪು ಪುಡಿ, ಅದೇ ಇಟ್ಟಿಗೆ. ಕೆಂಪು ಪುಡಿ ಕಾಣುವ ತನಕ ನಿಲ್ಲಿಸಬಾರದು, ಕಂಡ ಮೇಲೂ 1 ಅಂಗುಲ ಒಳಗೆ ಹೋಗಲೇಬೇಕು. ತೂತಿನ ಪುಡಿಯನ್ನು ಊದಿ ತೆಗೆದು, ಒಂದೂವರೆ ಅಂಗುಲದ ಪ್ಲಾಸ್ಟಿಕ್ ಪ್ಲಗ್ ಗೋಡೆ ಮಟ್ಟಕ್ಕೆ ಬಡಿದು, 2 ಅಂಗುಲದ ಸ್ಕ್ರೂ ತಿರುಗಿಸಿದರು. ಸ್ಕ್ರೂ ಕೊನೆಯಲ್ಲಿ ಬಿಗಿಯಾಗದೆ ಸುಮ್ಮನೆ ತಿರುಗಿದರೆ ಪ್ಲಗ್ ಹಿಡಿದಿಲ್ಲ ಎಂದರ್ಥ. ತೂತನ್ನು ಸಿಮೆಂಟಿನಿಂದ ಮುಚ್ಚಿ, ನಾಲ್ಕು ಬೆರಳು ಆಚೆ ಹೊಸದು ಕೊರೆಯಬೇಕು.

ಕುಣಿಗಲ್‌ನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಇಷ್ಟೆಲ್ಲ ಮಾಡಿದ್ದರೂ ಸಾಂಬಾರ ಡಬ್ಬಿಗಳ ಸ್ಟ್ಯಾಂಡು ವಾಲುತ್ತಿತ್ತು. ಯಾಕೆ ಗೊತ್ತೇ? ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಟ್ಟರೆ ಹೊರಬಹುದು, ಕೈ ಮುಂದೆ ಚಾಚಿ ಹಿಡಿದರೆ ಆಗುತ್ತದೆಯೇ? ಸೌಟು ಗೋಡೆಗೆ ಅಂಟಿಕೊಂಡು ತೂಗುತ್ತದೆ, ಡಬ್ಬಿಗಳು ಮುಂದಕ್ಕೆ ಚಾಚಿ ಕೂರುತ್ತವೆ. ಅವಳ ಸ್ಟ್ಯಾಂಡಿನ ಅಗಲ 6 ಅಂಗುಲ, ಡಬ್ಬಿಗಳೊಂದಿಗೆ ತೂಕ 3 ಕಿಲೋ. ಭಾರದ ನಡುಮಧ್ಯ ಗೋಡೆಯಿಂದ 3 ಅಂಗುಲ ಆಚೆ. ಹಿಂಬದಿಯ ಪಟ್ಟಿ ಮಾತ್ರ ಬಲು ಕಿರಿದು, ಸ್ಕ್ರೂವಿನಿಂದ ಅದರ ಕೆಳಗಿನ ಅಂಚಿಗೆ 1 ಅಂಗುಲ ಅಷ್ಟೇ. ಮೂರು ಮೂರಲ 9, ಅದನ್ನು 1ರಿಂದ ಭಾಗಿಸಿದರೆ 9. ಅಂದರೆ ಸ್ಕ್ರೂಗಳನ್ನು 9 ಕಿಲೋ ಜಗ್ಗು ಹೊರಕ್ಕೆ ಎಳೆಯುತ್ತಿತ್ತು! ಸ್ಟ್ಯಾಂಡಿನ ಬೆನ್ನಿಗೆ ಉದ್ದನೆ ಹಲಗೆ ಕೊಟ್ಟು, ಸ್ಕ್ರೂವಿನಿಂದ ಹಲಗೆಯ ಕೆಳ ಅಂಚಿಗೆ 9 ಅಂಗುಲ ಮಾಡಿಸಿದೆವು. ಈಗ ಜಗ್ಗು 1 ಕಿಲೋ ಮಾತ್ರ. ಸ್ಕ್ರೂ ಅವೇ, ಗೋಡೆ ಅದೇ.

ಗುಬ್ಬಿಯ ನನ್ನ ತವರಿನ ಹಳೇ ಮಣ್ಣಿನ ಗೋಡೆಗೆ ಮಾತ್ರ ಈ ಯಾವ ಉಪಾಯವೂ ನಡೆಯಲಿಲ್ಲ. ಎಷ್ಟು ಕೊರೆದರೂ ಮಣ್ಣೇ ಉದುರಿತು, ತೂತು ಅಗಲವಾಗುತ್ತಾ ಹೋಯಿತು, ಪ್ಲಗ್ ಬೆರಳಿನಲ್ಲೇ ಈಚೆ ಬಂತು. "ನಿಮ್ಮಜ್ಜಿ ಗೋಡೆ ನಂಬ್ತಿದ್ರೇನೇ? ಹಾಲು ಮೊಸರೆಲ್ಲ ತೊಲೆಗೆ ಕಟ್ಟಿದ ನೆಲುವಿನಲ್ಲಿ ಇಡ್ತಿರಲಿಲ್ವೇ?" ಅಂದರು ಅಮ್ಮ. ಸರಿ, ತೊಲೆಗೆ ಎರಡು ಸರಪಳಿ ಇಳಿಬಿಟ್ಟು ಪಟ್ಟಿಯನ್ನು ಅದಕ್ಕೇ ತೂಗುಹಾಕಿದೆವು. ತೊಲೆಗೆ ಗೆದ್ದಲು ಹಿಡಿದಿಲ್ಲ ತಾನೇ ಎಂದು ಮೊದಲು ಕುಟ್ಟಿ ನೋಡಿದ್ದುಂಟು.

ಹೊಸ ಪಟ್ಟಿ ಹಾಕಿಸಿದ ದಿನವೇ ಸೌಟು ನೇತುಹಾಕಬೇಡಿ. ಪಟ್ಟಿಯ ಮೇಲಂಚಿನ ಉದ್ದಕ್ಕೂ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ನೀವು ಹಾಕುವ ಭಾರದ ಮೂರರಷ್ಟು ನೀರು ತೂಗುಹಾಕಿ. ಲೀಟರ್ ನೀರು ಅಂದರೆ 1 ಕಿಲೋ. ನಾನು ಪಟ್ಟಿಯ ಎರಡೂ ತುದಿಗೆ 3 ಲೀಟರಿನ ಒಂದೊಂದು ಚಿಕ್ಕ ಬಕೆಟ್ ಕಟ್ಟಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಪಟ್ಟಿ ಗೆರೆಯಿಂದ ಜಾರಿದ್ದರೆ, ಗೋಡೆ ಬುಡದಲ್ಲಿ ಬೂದು ಪುಡಿ ಕಂಡರೆ, ಮೇಸ್ತ್ರಿಯನ್ನು ಮತ್ತೆ ಕರೆಸಿ.

ನಮ್ಮ ಮನೆಯಲ್ಲಿ ಗೆರೆ ಅಲುಗಿರಲಿಲ್ಲ. ಜಾಲರಿಯನ್ನು ಮಗಳೇ ತಂದು ಹಾಕಿದಳು.